64ರ ಮಗ್ಗಿ

ಭಾನುವಾರದ ಪದಬಂಧಕ್ಕೆ ಕೆಲವರು ಕಾಯುವ ಹಾಗೆ ನಾನು ನೆಟ್‌ವರ್ಕ್ಸ್ ವರ್ಕ್‌ಶೀಟಿನ ಸಬ್‌ನೆಟ್ ಲೆಕ್ಕಕ್ಕೆ ಕಾಯುತ್ತೇನೆ. ಪಾಠ ಹೇಳುವುದೊಂದು ನೆಪ. ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ, ಪೆನ್ಸಿಲ್, ರಬ್ಬರ್, ಖಾಲಿ ಹಾಳೆ ಇದ್ದರಾಯಿತು.

ನನಗೆ ಪ್ರಿಯವಾದ ಲೆಕ್ಕ ಹೀಗಿದೆ. ಕೈಯಲ್ಲಿರುವುದು 192.168.10.0/24, ಅಂದರೆ ಕೊನೆಯ ಅಂಕಿ 0ಯಿಂದ 255ರವರೆಗೆ ಓಡುವ 256 ವಿಳಾಸಗಳು. ಗೇಟ್‌ವೇಯೂ ಸೇರಿದಂತೆ ಲ್ಯಾಬಿಗೆ 60, ಆಫೀಸಿಗೆ 28, ಲೈಬ್ರರಿಗೆ 12, ಎರಡು ರೂಟರುಗಳ ನಡುವಿನ ಕೊಂಡಿಗೆ 2 ವಿಳಾಸ ಕೊಡಬೇಕು.

ಪ್ರತಿ ತುಂಡಿನಲ್ಲೂ ಮೊದಲನೆಯ ವಿಳಾಸ ನೆಟ್‌ವರ್ಕಿನ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ ಮೀಸಲು. ಹಾಗಾಗಿ 60 ಬೇಕೆಂದರೆ 64ರ ತುಂಡು: 0ಯಿಂದ 63, ಮಾಸ್ಕ್ /26. ಆಫೀಸಿಗೆ 32ರ ತುಂಡು, 64ರಿಂದ 95, /27. ಲೈಬ್ರರಿಗೆ 96ರಿಂದ 111, /28. ಕೊಂಡಿಗೆ 112ರಿಂದ 115, /30. ಒಂದೂ ಸಂದಿಯಿಲ್ಲದೆ ಎಲ್ಲವೂ ಕೂತಾಗ ಆಗುವ ಖುಷಿಯೇ ಬೇರೆ.

ದೊಡ್ಡದನ್ನು ಮೊದಲು ಹಂಚಿ ಎಂದು ಎಲ್ಲ ಮೇಷ್ಟ್ರುಗಳೂ ಹೇಳುತ್ತಾರೆ. ಏಕೆಂದು ಹೇಳುವವರು ಕಡಿಮೆ. ರುಚಿ ಇರುವುದು ಅಲ್ಲೇ. ಆಫೀಸಿಗೆ ಮೊದಲು 0ಯಿಂದ 31 ಕೊಟ್ಟು, ಲ್ಯಾಬನ್ನು 32ರಿಂದ 95ಕ್ಕೆ ಕೂರಿಸಿ ನೋಡಿ. ಎಣಿಸಿದರೆ ಸರಿಯಾಗಿ 64 ಇವೆ. ಆದರೂ ತಪ್ಪು. /26 ಮಾಸ್ಕಿನ ಕೊನೆಯ ಭಾಗ 192. ಅದು ಮೊದಲೆರಡು ಬಿಟ್‌ಗಳನ್ನು ಮಾತ್ರ ಉಳಿಸಿ ಮಿಕ್ಕ ಆರನ್ನು ಅಳಿಸುತ್ತದೆ. 50ನೇ ಯಂತ್ರ ಹಾಗೆ ಅಳಿಸಿಕೊಂಡರೆ ತನ್ನ ನೆಟ್‌ವರ್ಕ್ 0 ಎನ್ನುತ್ತದೆ, 70ನೆಯದು 64 ಎನ್ನುತ್ತದೆ. ಒಂದೇ ಕೋಣೆಯಲ್ಲಿ ಕೂತು ಒಬ್ಬರಿಗೊಬ್ಬರು ಪರಕೀಯರು! 64ರ ತುಂಡು 64ರ ಮಗ್ಗಿಯಲ್ಲೇ ಶುರುವಾಗಬೇಕು: 0, 64, 128, 192. ದೊಡ್ಡದನ್ನು ಮೊದಲು ಇಟ್ಟರೆ ಈ ಶಿಸ್ತು ತಾನಾಗಿಯೇ ಬರುತ್ತದೆ, ಅಷ್ಟೆ. ಮಗ್ಗಿ ನೆನಪಿರುವವರು ಚಿಕ್ಕದರಿಂದ ಶುರು ಮಾಡಿದರೂ ತಪ್ಪೇನಿಲ್ಲ, ನಡುವೆ ಸಂದಿ ಬೀಳಬಹುದು.

ಕಾಗದ ಈ ತಪ್ಪನ್ನು ಸುಮ್ಮನೆ ಸಹಿಸಿಕೊಳ್ಳುತ್ತದೆ. ಸಿಸ್ಕೋ ರೂಟರ್ ಸಹಿಸುವುದಿಲ್ಲ. ಆಫೀಸಿನ /27 ಒಂದು ಪೋರ್ಟಿನಲ್ಲಿರುವಾಗ ಇನ್ನೊಂದಕ್ಕೆ 192.168.10.33 ಎಂಬ ವಿಳಾಸವನ್ನು /26 ಮಾಸ್ಕಿನೊಂದಿಗೆ ಕೊಟ್ಟರೆ ತಕ್ಷಣ ಬೈಗುಳ ಬರುತ್ತದೆ:

```
% 192.168.10.0 overlaps with GigabitEthernet0/0
```

ನಾವು ಕೊಟ್ಟಿದ್ದು 33, ಅದು ಓದಿದ್ದು 0. ಮಾಸ್ಕ್ ಮಾಡುವ ಕೆಲಸವೆಲ್ಲ ಆ ಒಂದು ಸಾಲಿನಲ್ಲಿದೆ.

ಕೊಂಡಿಯ /30 ಮಾತ್ರ ನನಗೆ ಸ್ವಲ್ಪ ಕಿರಿಕಿರಿ. ಎರಡು ತುದಿಗೆ ನಾಲ್ಕು ವಿಳಾಸ! ಇಂಥ ಕೊಂಡಿಗೆ /31 ಸಾಕೆಂದು RFC 3021 ಹೇಳಿದ್ದು 2000ದಲ್ಲಿ. ವರ್ಕ್‌ಶೀಟುಗಳು ಇನ್ನೂ /30 ಬಿಟ್ಟು ಕದಲಿಲ್ಲ.

ಮೇಲಿನ ಹಂಚಿಕೆಯಲ್ಲಿ 116ರಿಂದ 255ರವರೆಗೆ ಜಾಗ ಉಳಿದಿದೆ. ಹಾಸ್ಟೆಲ್ಲಿನವರು ಬಂದು 100 ವಿಳಾಸ ಕೇಳಿದರೆ ಎಲ್ಲಿಂದ ಕೊಡುತ್ತೀರಿ, ಯಾವ ಮಾಸ್ಕ್ ಹಾಕುತ್ತೀರಿ? 116ರಿಂದ ಎನ್ನುವ ಮೊದಲು ಪೆನ್ಸಿಲ್ ಎತ್ತಿಕೊಳ್ಳಿ.