ಚಿಹ್ನೆಯ ಕಾಲು ಎಲ್ಲಿದೆ ನೋಡು

ವಿಶ್ವೇಶ್ವರಪುರಂನ ನಮ್ಮ ಬೀದಿಯಲ್ಲಿ ಕ್ರೋಶಾ ಕಡ್ಡಿ ಹಿಡಿಯಲು ಬಾರದ ಹೆಂಗಸರು ಕಡಿಮೆ. ವರಮಹಾಲಕ್ಷ್ಮಿ ಹಬ್ಬ ಹತ್ತಿರವಾಯಿತೆಂದರೆ ಎರಡು ಮನೆಗೊಬ್ಬರಾದರೂ ಸೀರೆಯ ಸೆರಗನ್ನು ತೊಡೆಯ ಮೇಲೆ ಹಾಕಿಕೊಂಡು ಕುಚ್ಚು ಕಟ್ಟುತ್ತಿರುತ್ತಾರೆ. ಅವರೆಲ್ಲ ಕಲಿತದ್ದು ನೋಡಿ ನೋಡಿ. ಪಕ್ಕದಲ್ಲಿ ಕೂತವರ ಬೆರಳು ಹೋದ ಕಡೆ ತಮ್ಮ ಬೆರಳನ್ನೂ ಕಳಿಸುತ್ತಾ ಕಲಿತವರು. ಸೆರಗಿನ ಅಂಚು ನೇರ ಗೆರೆ, ಅದಕ್ಕೆ ಅಷ್ಟು ಸಾಕು. ಆದರೆ ಹಾಲಿನ ಚೊಂಬಿಗೆ ಮುಚ್ಚುವ, ಅಂಚಿಗೆ ಮಣಿ ತೂಗುವ ಗುಂಡನೆಯ ಜಾಲರಿ ಹಾಕಬೇಕೆಂದರೆ ಚಾರ್ಟ್ ಓದಲು ಬರಬೇಕು. ತಂಗಿಯ ಮಗಳು ಚಿಕ್ಕಪೇಟೆಯಿಂದ ಹತ್ತಿ ದಾರದ ಉಂಡೆ, ಎರಡೂವರೆ ಮಿಲಿಮೀಟರಿನ ಕಡ್ಡಿ ತಂದು, ಚಾರ್ಟ್ ಹಿಡಿದು ನನ್ನ ಮುಂದೆ ಕೂತಳು.

"ದೊಡ್ಡಮ್ಮ, ಇದನ್ನ ಮೇಲಿಂದ ಓದಬೇಕಾ, ಕೆಳಗಿಂದಾನಾ?"

ಎರಡೂ ಅಲ್ಲ, ನಡುವಿನಿಂದ. ಗುಂಡು ಚಾರ್ಟಿಗೆ ಮೇಲು ಕೆಳಗು ಇಲ್ಲ. ನಡುವಿನ ಪುಟ್ಟ ಉಂಗುರದಿಂದ ಶುರುವಾಗಿ ಹೊರಕ್ಕೆ ಬೆಳೆಯುತ್ತದೆ. ಬಲಗೈಯವರು ಅದನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಓದುತ್ತಾರೆ. ಕಾರಣ ಸರಳ: ಹೆಣಿಗೆಯ ಮೇಲಂಚಿನಲ್ಲಿ ಬಲಗೈ ಬಲದಿಂದ ಎಡಕ್ಕೆ ಸರಿಯುತ್ತದೆ, ಕೆಲಸವನ್ನು ಮಗುಚದೆ ಒಂದೇ ಮುಖ ನೋಡುತ್ತಾ ಸುತ್ತು ಮುಗಿಸುತ್ತೇವೆ. ಎಡಗೈಯವರಿಗೆ ಇದೇ ಚಾರ್ಟ್ ಗಡಿಯಾರದ ದಿಕ್ಕಿನಲ್ಲಿ ನಡೆಯುತ್ತದೆ, ಬೇರೆ ಚಾರ್ಟ್ ಬೇಕಿಲ್ಲ.

ಚಿಹ್ನೆಗಳು ಹೆಚ್ಚೇನಿಲ್ಲ. ಮೊಟ್ಟೆಯಾಕಾರದ ಸೊನ್ನೆ ಚೈನು. ತುಂಬಿದ ಚುಕ್ಕೆ ಸ್ಲಿಪ್ ಸ್ಟಿಚ್. ಗುಣಾಕಾರದ ಗುರುತು ಗಿಡ್ಡ ಹೊಲಿಗೆ. ನೆಟ್ಟಗೆ ನಿಂತು ತಲೆಯ ಮೇಲೆ ಅಡ್ಡಪಟ್ಟಿ ಹೊತ್ತದ್ದು ಕಂಬ. ಕಂಬದ ಸೊಂಟದಲ್ಲಿ ಒಂದು ಓರೆಗೆರೆಯಿದ್ದರೆ ಕಡ್ಡಿಯನ್ನು ಚುಚ್ಚುವ ಮೊದಲು ದಾರವನ್ನು ಒಂದು ಸಲ ಕಡ್ಡಿಗೆ ಸುತ್ತಿಕೊಳ್ಳಬೇಕು, ಎರಡಿದ್ದರೆ ಎರಡು ಸಲ. ಈ ಓರೆಗೆರೆ ಹೊಸಬರಿಗೆ ದೊಡ್ಡ ಉಪಕಾರ. ಒಂದು ಗೆರೆಯ ಕಂಬವನ್ನು ಅಮೆರಿಕದ ಪುಸ್ತಕ 'ಡಬಲ್' ಎನ್ನುತ್ತದೆ, ಇಂಗ್ಲೆಂಡಿನದು 'ಟ್ರೆಬಲ್' ಎನ್ನುತ್ತದೆ. ಪುಸ್ತಕ ಎಲ್ಲಿಯದೆಂದು ತಿಳಿಯದೆ ಹೆಸರು ನಂಬಿದರೆ ಜಾಲರಿಯ ಅಳತೆಯೇ ಬೇರೆಯಾಗಿಬಿಡುತ್ತದೆ. ಚಿತ್ರಕ್ಕೆ ಆ ತೊಡಕಿಲ್ಲ. ಜಪಾನಿನವರಂತೂ ಈ ಗುರುತುಗಳನ್ನು ತಮ್ಮ ಕೈಗಾರಿಕಾ ಮಾನದಂಡದಲ್ಲೇ ಸೇರಿಸಿದ್ದಾರೆ. ಒಂದಕ್ಷರ ಜಪಾನಿ ಬಾರದವರೂ ಅವರ ಪುಸ್ತಕ ನೋಡಿ ಹೆಣೆಯುವುದು ಇದರಿಂದಲೇ.

ಆದರೆ ಚಿಹ್ನೆ ಗುರುತು ಹಿಡಿದ ಮಾತ್ರಕ್ಕೆ ಚಾರ್ಟ್ ಓದಿದಂತಾಗುವುದಿಲ್ಲ. ಚಿಹ್ನೆಯ ಮೈ ನೋಡಿದರೆ ಯಾವ ಹೊಲಿಗೆ ಎಂದು ತಿಳಿಯುತ್ತದೆ. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯುವುದು ಅದರ ಕಾಲು ನೋಡಿದಾಗ. ನಾನು ಹುಡುಗಿಗೆ ಮತ್ತೆ ಮತ್ತೆ ಹೇಳಿದ್ದು ಇದೊಂದನ್ನೇ.

ಅವಳ ಚಾರ್ಟಿನಲ್ಲಿ ನಡುವೆ ಆರು ಸೊನ್ನೆಗಳ ಉಂಗುರ. ಆರು ಚೈನು ಹಾಕಿ, ಮೊದಲನೆಯದಕ್ಕೆ ಚುಕ್ಕೆಯಿಂದ ಸೇರಿಸಿದರೆ ಉಂಗುರವಾಯಿತು. ಮೊದಲ ಸುತ್ತು ಒಂದರ ಮೇಲೊಂದು ನಿಂತ ಮೂರು ಸೊನ್ನೆಗಳಿಂದ ಆರಂಭ, ಆಮೇಲೆ 15 ಕಂಬ. ಆ 15 ಕಾಲುಗಳು ಯಾವ ಸೊನ್ನೆಯ ಮೇಲೂ ಸರಿಯಾಗಿ ಊರಿಲ್ಲ, ಉಂಗುರದ ಸುತ್ತ ಸುಮ್ಮನೆ ನಿಂತಿವೆ. ಅಂದರೆ ಕಡ್ಡಿ ಚೈನನ್ನು ಚುಚ್ಚಬಾರದು, ನಡುವಿನ ತೂತಿನೊಳಗೆ ಹೋಗಿ ಬರಬೇಕು. ಮೊದಲ ಮೂರು ಚೈನೂ ಒಂದು ಕಂಬದ ಲೆಕ್ಕವೇ, ಒಟ್ಟು 16. ಹೊಸಬರ ಕೈ ಜಾರುವುದು ಸಾಮಾನ್ಯವಾಗಿ ಇಲ್ಲೇ. ಆ ಮೂರು ಚೈನನ್ನು ಲೆಕ್ಕಕ್ಕೆ ಹಿಡಿಯದೆ 16 ಕಂಬ ಹಾಕಿದರೆ 17 ಆಗುತ್ತದೆ. ಆ ಸುತ್ತಿನಲ್ಲಿ ಏನೂ ಕಾಣುವುದಿಲ್ಲ, ಕೊನೆಯ ಅಂಚಿನಲ್ಲಿ ಒಂದು ಕಮಾನು ಹೆಚ್ಚಾಗಿ ನಿಲ್ಲುತ್ತದೆ. ಆದ್ದರಿಂದ ಪ್ರತಿ ಸುತ್ತಿನ ಕೊನೆಗೆ ಎಣಿಸಲೇಬೇಕು.

ಎರಡನೆಯ ಸುತ್ತಿನಲ್ಲಿ ಪ್ರತಿ ಕಂಬದ ಕಾಲು ಕೆಳಗಿನ ಕಂಬದ ತಲೆಯ ಮೇಲೆ ನೇರವಾಗಿ ಊರಿದೆ, ಕಂಬ ಕಂಬದ ನಡುವೆ ಒಂದು ಸೊನ್ನೆ. ಇಲ್ಲಿ ಕಡ್ಡಿ ಕೆಳಗಿನ ತಲೆಯ ಎರಡೂ ಎಳೆಗಳ ಅಡಿಯಲ್ಲಿ ತೂರಬೇಕು. ಸುತ್ತಿನ ಆರಂಭದಲ್ಲಿ ನಾಲ್ಕು ಸೊನ್ನೆಗಳಿವೆ. ಮೂರು ಕಂಬಕ್ಕೆ, ನಾಲ್ಕನೆಯದು ಕಿಂಡಿಗೆ. ಸುತ್ತು ಮುಚ್ಚುವ ಚುಕ್ಕೆಯನ್ನು ಚಾರ್ಟ್ ಮೂರನೆಯ ಸೊನ್ನೆಯ ಮೇಲೆ ಬರೆದಿರುವುದು ಅದಕ್ಕೇ. ನಾಲ್ಕನೆಯದಕ್ಕೆ ಸೇರಿಸಿದರೆ ಒಂದು ಕಿಂಡಿ ಸೊಟ್ಟಗಾಗುತ್ತದೆ. ಈಗ 16 ಕಂಬ, 16 ಕಿಂಡಿ.

ಮೂರನೆಯ ಸುತ್ತಿಗೆ ಬಂದಾಗ ಹುಡುಗಿ ನಿಂತಳು. ಒಂದೊಂದು ಸೊನ್ನೆಯ ಮೇಲೆ ಮೂರು ಮೂರು ಕಂಬ. "ಈ ಒಂದು ಚೈನಿನೊಳಗೆ ಮೂರು ಸಲ ಹೇಗೆ ಚುಚ್ಚಲಿ?" ಎಂದಳು. ಕಾಲು ನೋಡು ಎಂದೆ. ಮೂರು ಕಾಲುಗಳೂ ಒಂದೇ ಬಿಂದುವಿನಲ್ಲಿ ಕೂಡಿದ್ದರೆ ಒಂದೇ ಹೊಲಿಗೆಗೆ ಮೂರು ಸಲ ಚುಚ್ಚಬೇಕಿತ್ತು. ಇಲ್ಲಿ ಅವು ಬಿಡಿಬಿಡಿಯಾಗಿವೆ. ಕಡ್ಡಿ ಚೈನಿನ ಅಡಿಯ ಕಿಂಡಿಯೊಳಗೆ ಹೋಗಿ, ಚೈನನ್ನು ಇಡಿಯಾಗಿ ಅಪ್ಪಿಕೊಂಡು ಬರುತ್ತದೆ. ಸರಿಯಾಗಿದೆಯೇ ಎಂದು ನೋಡಲು ಮೂರು ಕಂಬಗಳನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿ: ಕಿಂಡಿಯಲ್ಲಿ ಹಾಕಿದವು ಚೂರು ಸರಿದಾಡುತ್ತವೆ, ಚೈನಿಗೆ ಚುಚ್ಚಿದವು ಅಲ್ಲಾಡುವುದಿಲ್ಲ. ಶುರುವಿನಲ್ಲಿ ಕಿಂಡಿಯೊಳಗೆ ಒಂಟಿ ಚುಕ್ಕೆಯೂ ಇದೆ. ಹಿಂದಿನ ಸುತ್ತು ಕಂಬದ ತಲೆಯ ಮೇಲೆ ಮುಗಿದದ್ದರಿಂದ, ಒಂದು ಸ್ಲಿಪ್ ಸ್ಟಿಚ್‌ನಿಂದ ಕಿಂಡಿಗೆ ಇಳಿದು ಅಲ್ಲಿಂದ ಮೂರು ಚೈನು ಏರಿಸಬೇಕು. ಈ ಸುತ್ತು ಮುಗಿದಾಗ 48.

16, 32, 48 ಎಂದು ಏಕೆ ಏರಬೇಕು? ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಒಂದು ಸುತ್ತು ಹಾಕಿದರೆ ತ್ರಿಜ್ಯ ಅಷ್ಟು ಬೆಳೆಯಿತು, ಸುತ್ತಳತೆ ಅದರ ಆರು ಚಿಲ್ಲರೆ ಪಟ್ಟು ಬೆಳೆಯಬೇಕು. ಅಂದರೆ ಒತ್ತಾದ ಹೆಣಿಗೆಗೆ ಸುತ್ತಿಗೆ ಸುಮಾರು 12 ಕಂಬ ಹೆಚ್ಚಿಸಬೇಕು. ನಮ್ಮದು ಜಾಲರಿ. ಚೈನು ಕಂಬದಷ್ಟು ಜಾಗ ಹಿಡಿಯುವುದಿಲ್ಲ, ಒಂದೇ ಕಿಂಡಿಯ ಮೂರು ಕಂಬಗಳು ಒತ್ತಿಕೊಂಡು ನಿಲ್ಲುತ್ತವೆ. ಹಾಗಾಗಿ 16 ಸರಿಹೋಗುತ್ತದೆ. ಎಣಿಕೆ ಕಡಿಮೆಯಾದರೆ ಅಂಚು ಒಳಕ್ಕೆ ಬಾಗಿ ಬಟ್ಟಲಾಗುತ್ತದೆ, ಹೆಚ್ಚಾದರೆ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಅಲೆಯಲೆಯಾಗಿ ಏಳುತ್ತದೆ. ಎಣಿಕೆ ಸರಿಯಿದ್ದೂ ಬಟ್ಟಲಾಗುತ್ತಿದ್ದರೆ ಕೈ ಬಿಗಿಯಾಗಿದೆ ಎಂದರ್ಥ. ಒಂದು ಅಳತೆ ದೊಡ್ಡ ಕಡ್ಡಿ ಹಿಡಿದರಾಯಿತು.

ಅಂಚಿನ ಸುತ್ತು ಮಣಿಯದು. ಪ್ರತಿ ಮೂರು ಕಂಬಗಳಲ್ಲಿ ಮೊದಲನೆಯದರ ತಲೆಯ ಮೇಲೆ ಒಂದು ಗುಣಾಕಾರದ ಗುರುತು, ಅಲ್ಲಿಂದ ಮುಂದಿನದಕ್ಕೆ ಐದು ಸೊನ್ನೆಗಳ ಕಮಾನು. 48ಕ್ಕೆ 16 ಕಮಾನು. ನಡುವಿನ ಸೊನ್ನೆ ಹಾಕುವ ಮುನ್ನ ಮಣಿಯನ್ನು ಕಡ್ಡಿಯ ಬುಡಕ್ಕೆ ಜಾರಿಸಿ, ಅದರಾಚೆಯಿಂದ ದಾರ ಎಳೆದು ಬಿಗಿಯಬೇಕು. ಹದಿನಾರು ಮಣಿಗಳನ್ನೂ ಕೆಲಸ ಶುರುಮಾಡುವ ಮೊದಲೇ ದಾರಕ್ಕೆ ಪೋಣಿಸಿಟ್ಟುಕೊಳ್ಳುವುದು ನನಗೆ ಇಷ್ಟ. ಹೆಣೆಯುತ್ತಾ ಅವುಗಳನ್ನು ಹಿಂದೆ ತಳ್ಳುತ್ತಿರಬೇಕು, ಆದರೆ ಅಂಚಿನಲ್ಲಿ ಗಂಟು ಬರುವುದಿಲ್ಲ. ಮಣಿಯ ಭಾರಕ್ಕೆ ಜಾಲರಿ ಚೊಂಬಿನ ಬಾಯಿಯ ಮೇಲೆ ಕೂರುತ್ತದೆ, ಫ್ಯಾನ್ ಗಾಳಿಗೆ ಹಾರುವುದಿಲ್ಲ.

ಅವಳ ದಾರಕ್ಕೆ ಜಾಲರಿ ಸುಮಾರು 10 ಸೆಂಟಿಮೀಟರ್ ಅಗಲ ಬಂತು, ಚೊಂಬಿಗೆ ಸರಿ. "ನೀರಿನ ಜಗ್ಗಿಗೆ ಸಾಲಲ್ಲ" ಎಂದಳು. ಅಂಚಿನ ಮುಂಚೆ ಇನ್ನೊಂದು ಸುತ್ತು ಸೇರಿಸಬಹುದು: ಮೂರು ಕಂಬ, ಒಂದು ಚೈನು, ಒಟ್ಟು 64. ಅದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಗೆರೆಗಳನ್ನು ಎರಡು ಕ್ಷಣ ದಿಟ್ಟಿಸಿದಳು. ಕಾಲುಗಳು ಯಾವ ಕಂಬದ ತಲೆಯ ಮೇಲೂ ಇರಲಿಲ್ಲ. "ಮೂರು ಮೂರರ ಗುಂಪುಗಳ ಮಧ್ಯದ ಸಂದಿಗೆ ಅಲ್ವಾ ದೊಡ್ಡಮ್ಮ?" ಎಂದು ಕಡ್ಡಿ ಎತ್ತಿಕೊಂಡಳು.