ಸಂಪಿನ ಬಾಯಲ್ಲಿ ಒಂದು ಲೋಟ

ನನ್ನ ಮೇಜಿನ ಡ್ರಾಯರ್‌ನಲ್ಲಿ ನಾಲ್ಕು ಗಡಿಯಾರಗಳಿವೆ. ನಾಲ್ಕೂ ಆರ್ಡುಯಿನೊ ಬೋರ್ಡಿನಲ್ಲಿ ನಾನೇ ಕಟ್ಟಿದವು. ಒಂದು ಕೆಂಪು ಅಂಕಿಗಳಲ್ಲಿ ಹೊತ್ತು ತೋರಿಸುತ್ತದೆ, ಇನ್ನೊಂದು ನೀಲಿ ಪರದೆಯ ಮೇಲೆ ತಾರೀಖನ್ನೂ ಹೇಳುತ್ತದೆ. ಕಟ್ಟುವಾಗ ಊಟ ನಿದ್ದೆ ಮರೆತಿದ್ದೆ. ಕಟ್ಟಿ ಮುಗಿದ ವಾರಕ್ಕೆ ಅವು ಡ್ರಾಯರ್ ಸೇರಿದವು. ಹೊತ್ತು ಎಷ್ಟಾಯಿತು ಅಂತ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದೇ ಇರಲಿಲ್ಲವಲ್ಲ! ಗೋಡೆಯಲ್ಲಿ ಗಡಿಯಾರವಿದೆ, ಕೈಯಲ್ಲಿ ಫೋನಿದೆ. ಮಿನುಗುವ ದೀಪಗಳ ಕಥೆಯೂ ಅಷ್ಟೇ. ದೀಪಾವಳಿ ಮುಗಿದ ಮೇಲೆ ಅವುಗಳಿಗೆ ಕೆಲಸವಿಲ್ಲ.

ಹಾಗಾದರೆ ಮನೆಗೆ ತಿಳಿಯದೇ ಇರುವುದು ಯಾವುದು? ಈ ಪ್ರಶ್ನೆಗೆ ಉತ್ತರ ಹೇಳಿದವಳು ಅವ್ವ, ಅದೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆ ಬಾತಿಯಲ್ಲಿ. ದಾವಣಗೆರೆಯಿಂದ ಹರಿಹರದ ಕಡೆ ಹಳೇ ಪಿ.ಬಿ. ರಸ್ತೆಯಲ್ಲಿ ಹೊರಟರೆ ಸಿಗುವ ಊರು. ಕೆರೆ ಇದೆ, ಗುಡ್ಡ ಇದೆ, ಹರಿಹರದಲ್ಲಿ ತುಂಗಭದ್ರೆಯೇ ಹರಿಯುತ್ತಾಳೆ. ಆದರೂ ನಮ್ಮ ಓಣಿಯ ನಲ್ಲಿಗೆ ನೀರು ದಿನಾ ಬರುವುದಿಲ್ಲ, ಬಂದರೂ ಇಂಥದೇ ಹೊತ್ತಿಗೆ ಅಂತಿಲ್ಲ. ರಾತ್ರಿ ಎರಡು ಗಂಟೆಗೆ ಅವ್ವ ಎದ್ದು ಟಾರ್ಚ್ ಹಿಡಿದು ಅಂಗಳಕ್ಕೆ ಹೋಗುತ್ತಿದ್ದಳು. ಸಂಪಿನ ಮುಚ್ಚಳ ಎತ್ತಿ ಬಗ್ಗಿ ನೋಡಿ, ಮತ್ತೆ ಬಂದು ಮಲಗುತ್ತಿದ್ದಳು. ಒಂದು ಗಂಟೆ ಬಿಟ್ಟು ಮತ್ತೆ. ಡ್ರಾಯರ್ ತುಂಬ ಗಡಿಯಾರ ಇಟ್ಟುಕೊಂಡವನ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸು ನೀರಿಗಾಗಿ ನಿದ್ದೆಗೆಡುವುದನ್ನು ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಗಡಿಯಾರವೊಂದನ್ನು ಬಿಚ್ಚಿ ಬೋರ್ಡನ್ನು ಹೊರತೆಗೆದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪೈಪಿಗೆ ಹರಿವಿನ ಸೆನ್ಸರ್ ಕೂಡಿಸಿದೆ. ಅದರೊಳಗೆ ಪುಟ್ಟ ಚಕ್ರ, ಚಕ್ರದಲ್ಲಿ ಅಯಸ್ಕಾಂತ. ನೀರು ತಳ್ಳಿದಾಗ ಚಕ್ರ ತಿರುಗಿ ಬೋರ್ಡಿಗೆ ಮಿಡಿತ ಬರುತ್ತದೆ. ಮಿಡಿತ ಬಂದರೆ ಒಳಕೋಣೆಯಲ್ಲಿ ಬಜರ್ ಕೂಗಬೇಕು. ಮೊದಲ ರಾತ್ರಿಯೇ ಕೂಗಿತು. ಓಡಿಹೋಗಿ ನೋಡಿದರೆ ಸಂಪಿನಲ್ಲಿ ಒಂದು ಹನಿ ನೀರಿಲ್ಲ! ಪೈಪಿಗೆ ಕಿವಿ ಇಟ್ಟಾಗ ಗೊತ್ತಾಯಿತು: ಬುಸ್ ಅಂತ ಗಾಳಿ ಬರುತ್ತಿದೆ. ಎರಡು ಮೂರು ದಿನ ಖಾಲಿ ಇದ್ದ ಪೈಪಿಗೆ ಎಲ್ಲೋ ನೀರು ಬಿಟ್ಟರೆ, ಅದು ತನ್ನ ಮುಂದಿರುವ ಗಾಳಿಯನ್ನೆಲ್ಲ ನಮ್ಮ ಕಡೆ ನೂಕುತ್ತದೆ. ಆ ಗಾಳಿಗೆ ಚಕ್ರ ನೀರಿಗಿಂತ ಜೋರಾಗಿ ತಿರುಗುತ್ತದೆ. ತಳ್ಳುತ್ತಿರುವುದು ನೀರೋ ಗಾಳಿಯೋ ಅಂತ ಚಕ್ರಕ್ಕೆ ಹೇಗೆ ಗೊತ್ತಾಗಬೇಕು?

ಸೆನ್ಸರ್ ಬಿಚ್ಚಿ, ಅದರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಲೋಟ ತಂದೆ. ಸೂಜಿ ಕಾಯಿಸಿ ಅದರ ತಳಕ್ಕೆ ಒಂದು ತೂತು ಮಾಡಿದೆ. ಬದಿಯಲ್ಲಿ, ಒಳಗೆ ತಲೆ ಬರುವಂತೆ, ಎರಡು ಸ್ಟೀಲ್ ಬೋಲ್ಟ್ ಬಿಗಿದೆ. ಸಂಪಿನೊಳಗೆ ಪೈಪಿನ ಬಾಯಿಗೆ ನೇರ ಕೆಳಗೆ ಲೋಟವನ್ನು ತೂಗುಹಾಕಿದೆ. ಗಾಳಿ ಬಂದರೆ ಲೋಟ ಖಾಲಿಯೇ ಇರುತ್ತದೆ. ನೀರು ಬಂದರೆ ತೂತಿನಿಂದ ಸೋರುವುದಕ್ಕಿಂತ ಬೇಗ ತುಂಬಿ, ಎರಡು ಬೋಲ್ಟಿನ ನಡುವೆ ನೀರೇ ತಂತಿಯಾಗುತ್ತದೆ. ನೀರು ನಿಂತರೆ ಒಂದೆರಡು ನಿಮಿಷದಲ್ಲಿ ಲೋಟ ತಾನೇ ಬರಿದಾಗಿ ಮುಂದಿನ ಸರದಿಗೆ ಕಾಯುತ್ತದೆ. ಒಂದು ಬೋಲ್ಟಿಗೆ ಬೋರ್ಡಿನಿಂದ 5 ವೋಲ್ಟ್, ಇನ್ನೊಂದು ಬೋಲ್ಟು A0 ಪಿನ್ನಿಗೆ. A0ಯಿಂದ ನೆಲಕ್ಕೆ ಒಂದು 10 ಕಿಲೋ ಓಮ್ ರೆಸಿಸ್ಟರ್. ಒಣಗಿದ್ದಾಗ ಓದಿದರೆ ಸೊನ್ನೆಯ ಆಸುಪಾಸು, ಒದ್ದೆಯಾದಾಗ ನೂರಾರು. ನಮ್ಮ ನೀರಿಗೆ 200 ದಾಟಿದರೆ ಬಂತು ಅಂತ ಇಟ್ಟುಕೊಂಡಿದ್ದೇನೆ.

ಇಲ್ಲೊಂದು ಪಾಠ ಕಲಿತೆ. ಮೊದಲು ಹಿತ್ತಾಳೆ ಬೋಲ್ಟ್ ಹಾಕಿ 5 ವೋಲ್ಟನ್ನು ಯಾವಾಗಲೂ ಹರಿಯಬಿಟ್ಟಿದ್ದೆ. ತಿಂಗಳಾಗುವುದರೊಳಗೆ ಒಂದು ಬೋಲ್ಟು ಹಸಿರುಗಟ್ಟಿ ತಿಂದುಹೋಗಿತ್ತು. ನೀರಿನಲ್ಲಿ ಒಂದೇ ದಿಕ್ಕಿಗೆ ಕರೆಂಟು ಹರಿದರೆ ಧನ ಬದಿಯ ಲೋಹ ಕರಗಿ ನೀರಿಗೆ ಸೇರುತ್ತದೆ. ನಾವು ಅಡುಗೆಗೆ ಬಳಸುವ ನೀರು ಅದು. ಈಗ ಸ್ಟೀಲ್ ಬೋಲ್ಟಿದೆ. ಅದಕ್ಕೂ ಎರಡು ಸೆಕೆಂಡಿಗೊಮ್ಮೆ, ಬರೀ 5 ಮಿಲಿಸೆಕೆಂಡು ಕರೆಂಟು ಕೊಟ್ಟು, ಓದಿ, ತೆಗೆದುಬಿಡುತ್ತೇನೆ. ಅಂದರೆ ಸವೆತ ಮೊದಲಿಗಿಂತ 400ರಲ್ಲಿ ಒಂದು ಪಾಲು.

ಸಂಪು ತುಂಬಿದ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬಂತು: ಮೇಲಿನ ಟ್ಯಾಂಕು. ಮೋಟರ್ ಹಾಕಿ ಮರೆತು, ಟ್ಯಾಂಕು ತುಂಬಿ ಗೋಡೆಯುದ್ದಕ್ಕೂ ನೀರು ಸುರಿಯುವುದು ಯಾರ ಮನೆಯಲ್ಲಿ ಆಗಿಲ್ಲ? ಅದಕ್ಕಿಂತ ಕೆಟ್ಟದ್ದು ಸಂಪು ಖಾಲಿಯಾದ ಮೇಲೂ ಮೋಟರ್ ಒಣಗಿ ಓಡುವುದು. ನೀರಿಲ್ಲದೆ ಸೀಲ್ ಕಾದು ಸುಟ್ಟುಹೋಗುತ್ತದೆ.

ಈ ಕೆಲಸಕ್ಕೆ ಕೈಹಾಕುವ ಮೊದಲು ಹರಿಹರದ ದೊಡ್ಡಪ್ಪನನ್ನು ನೋಡಲು ಹೋದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ದೊಡ್ಡಪ್ಪ ಅಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದವನು. ನನ್ನ ನಕ್ಷೆ ನೋಡಿ ಅವನು ಕೇಳಿದ್ದು ಒಂದೇ ಮಾತು.

“ತಮ್ಮ, ಈ ತಂತಿ ಇಲಿ ಕಡೀತು ಅಂತ ಇಟ್ಕೋ. ನಿನ್ನ ಮೋಟರ್ ಓಡುತ್ತೋ, ನಿಲ್ಲುತ್ತೋ?”

ನನ್ನ ನಕ್ಷೆಯಲ್ಲಿ ಓಡುತ್ತಿತ್ತು. ಟ್ಯಾಂಕು ತುಂಬಿದಾಗ ಸ್ವಿಚ್ಚು ಕೂಡಿ “ಸಾಕು” ಅನ್ನಬೇಕಿತ್ತು. ತಂತಿ ಹರಿದರೆ ಆ ಸುದ್ದಿ ಬರುವುದೇ ಇಲ್ಲ.

“ಸ್ಟಾರ್ಟರ್‌ನಾಗೆ ಕೆಂಪು ಬಟನ್ ಐತಲ್ಲ, ಅದು ಯಾವಾಗಲೂ ಕೂಡೇ ಇರುತ್ತೆ. ಒತ್ತಿದ್ರೆ ಬಿಡುತ್ತೆ. ತಂತಿ ಹರಿದ್ರೂ ಒತ್ತಿದಂಗೇ ಲೆಕ್ಕ, ಯಂತ್ರ ನಿಲ್ಲುತ್ತೆ. ನಿಲ್ಲು ಅಂತ ಹೇಳೋದನ್ನ ತಂತಿಗೆ ಬಿಡಬೇಡ. ಓಡು ಅಂತ ಹೇಳೋದನ್ನ ಬಿಡು. ಹೇಳೋದು ನಿಂತ್ರೆ ಮೋಟರ್ರೂ ನಿಲ್ಲಲಿ.”

ಈ ಒಂದು ಮಾತಿನಿಂದ ಇಡೀ ನಕ್ಷೆ ಬದಲಾಯಿತು. ಮೇಲಿನ ಟ್ಯಾಂಕಿನಲ್ಲಿ ಎರಡು ಫ್ಲೋಟ್ ಸ್ವಿಚ್, ಸಂಪಿನಲ್ಲಿ ಒಂದು. ನೀರಿನ ಮೇಲೆ ತೇಲುವ ಗುಂಡಿನೊಳಗೆ ಅಯಸ್ಕಾಂತ, ಕಡ್ಡಿಯೊಳಗೆ ಅದಕ್ಕೆ ಓಗೊಡುವ ಸ್ವಿಚ್ಚು. ಅದರಲ್ಲಿ ಸವೆಯುವುದು ಬಹಳ ಕಡಿಮೆ. ಗುಂಡನ್ನು ತೆಗೆದು ತಲೆಕೆಳಗು ಮಾಡಿ ಹಾಕಿದರೆ ಕೂಡುವುದು ಬಿಡುವುದು ಅದಲುಬದಲಾಗುತ್ತದೆ. ಮೇಲ್ತುದಿಯದು “ಇನ್ನೂ ತುಂಬಿಲ್ಲ” ಅನ್ನುವವರೆಗೆ ಕೂಡಿರುತ್ತದೆ. ಸಂಪಿನದು “ನೀರಿದೆ” ಅನ್ನುವವರೆಗೆ. ಕೆಳತುದಿಯದು “ನೀರು ಇಳಿದಿದೆ, ಬೇಕು” ಅನ್ನುವಾಗ. ಮೂರೂ ಕೂಡಿದರೆ ಮಾತ್ರ ಮೋಟರ್ ಶುರು. ಯಾವ ತಂತಿ ಹರಿದರೂ ಮೋಟರ್ ಸುಮ್ಮನಿರುತ್ತದೆ. ಟ್ಯಾಂಕಿನ ಎರಡು ಸ್ವಿಚ್ಚಿನ ನಡುವೆ ಅಂತರ ಬೇಕೇ ಬೇಕು. ಒಂದೇ ಸ್ವಿಚ್ಚಿದ್ದರೆ ಅಲೆಯಾಡಿದಾಗಲೆಲ್ಲ ಮೋಟರ್ ಹತ್ತಿ ಆರಿ ಹತ್ತಿ ಆರಿ ಹಾಳಾಗುತ್ತದೆ.

ಪ್ರೋಗ್ರಾಮಿನ ತಿರುಳು ಇಷ್ಟೇ. `LOW` ಅಂದರೆ ಸ್ವಿಚ್ಚು ಕೂಡಿದೆ ಅಂತ.

```
const unsigned long LIMIT = 40UL * 60 * 1000;

if (!running && steadyLow(NEED)
    && steadyLow(NOT_FULL) && steadyLow(SUMP_OK)) startMotor();

if (running && (digitalRead(NOT_FULL) == HIGH
    || digitalRead(SUMP_OK) == HIGH)) stopMotor();

if (running && millis() - startedAt > LIMIT) lockOut();
```

`steadyLow` ಅನ್ನುವುದು ಐದು ಸೆಕೆಂಡು ಸತತವಾಗಿ ಕೂಡಿದ್ದರೆ ಮಾತ್ರ ಹೌದು ಅನ್ನುತ್ತದೆ. ಶುರುಮಾಡಲು ಐದು ಸೆಕೆಂಡು ಯೋಚಿಸಬೇಕು, ನಿಲ್ಲಿಸಲು ಒಂದು ಕ್ಷಣವೂ ಬೇಡ. ತಂತಿಯಲ್ಲಿ ಏನೋ ಗಲಾಟೆಯಾಗಿ ಮೋಟರ್ ಸುಮ್ಮನೆ ನಿಂತರೆ ನಷ್ಟವೇನಿಲ್ಲ, ಸುಮ್ಮನೆ ಶುರುವಾದರೆ ನಷ್ಟ. ಗಲಾಟೆ ಆಗಿಯೇ ಆಗುತ್ತದೆ: ಮಹಡಿಯಿಂದ ಇಳಿಯುವ ಹದಿನೈದು ಮೀಟರ್ ತಂತಿ ಮೋಟರ್ ತಂತಿಯ ಪಕ್ಕದಲ್ಲೇ ಬಂದರೆ ಬೋರ್ಡಿನ ಒಳಗಿನ ಪುಲ್‌ಅಪ್ ಸಾಲುವುದಿಲ್ಲ. ಹೊರಗೆ 1 ಕಿಲೋ ಓಮ್ ಹಾಕಿ, ತಂತಿಯನ್ನು ಬೇರೆ ಪೈಪಿನಲ್ಲಿ ತಂದ ಮೇಲೆ ಸರಿಹೋಯಿತು.

ಹರಿದ ತಂತಿಗೆ ಉತ್ತರ ಸಿಕ್ಕಿತು, ಆದರೆ ಎರಡು ತಂತಿ ಒಂದಕ್ಕೊಂದು ಅಂಟಿಕೊಂಡರೆ? ಆಗ ಸ್ವಿಚ್ಚು ಯಾವಾಗಲೂ “ತುಂಬಿಲ್ಲ” ಅನ್ನುತ್ತದೆ. ಅದಕ್ಕೇ ಕೊನೆಯ ಸಾಲಿನ ಕಾಲಮಿತಿ. ನಮ್ಮ 1000 ಲೀಟರ್ ಟ್ಯಾಂಕಿನಲ್ಲಿ ಎರಡು ಸ್ವಿಚ್ಚಿನ ನಡುವೆ 700 ಲೀಟರ್ ಹಿಡಿಯುತ್ತದೆ. ಅರ್ಧ ಎಚ್‌ಪಿ ಮೋಟರ್ ಅದನ್ನು 28 ನಿಮಿಷದಲ್ಲಿ ತುಂಬುತ್ತದೆ, ಅಂದರೆ ನಿಮಿಷಕ್ಕೆ 25 ಲೀಟರ್. ಹಾಗಾಗಿ 40 ನಿಮಿಷ ಮೀರಿತು ಅಂದರೆ ಎಲ್ಲೋ ತಪ್ಪಿದೆ: ಸ್ವಿಚ್ಚು ಕೆಟ್ಟಿದೆ, ಪೈಪ್ ಸೋರುತ್ತಿದೆ, ಇಲ್ಲವೇ ಮೋಟರ್ ಗಾಳಿ ಹಿಡಿದಿದೆ. ಆಗ ಮೋಟರ್ ನಿಂತು ಬಜರ್ ಕೂಗುತ್ತದೆ; ಯಾರಾದರೂ ಹೋಗಿ ನೋಡಿ ಬಟನ್ ಒತ್ತುವವರೆಗೆ ಮತ್ತೆ ಶುರುವಾಗುವುದಿಲ್ಲ.

ಆ ಸಾಲಿನ `UL` ಎರಡಕ್ಷರವನ್ನು ನಾನು ಮೊದಲು ಬಿಟ್ಟಿದ್ದೆ. ಊನೊ ಬೋರ್ಡಿನಲ್ಲಿ ಸಾಮಾನ್ಯ ಪೂರ್ಣಾಂಕ 32,767ಕ್ಕಿಂತ ದೊಡ್ಡದಾಗಲಾರದು. 40 × 60 × 1000 ಅಂದರೆ 24 ಲಕ್ಷ. ಅದು ಹಿಡಿಸದೆ ಉಕ್ಕಿ ಋಣಸಂಖ್ಯೆಯಾಗಿ, ಕೊನೆಗೆ ನಲವತ್ತು ನಿಮಿಷದ ಮಿತಿ ನಲವತ್ತೊಂಬತ್ತು ದಿನವನ್ನೂ ದಾಟಿತ್ತು. ಅಂದರೆ ಮಿತಿಯೇ ಇರಲಿಲ್ಲ. ಎಚ್ಚರಿಕೆ ತೋರಿಸುವ ಸೆಟ್ಟಿಂಗ್ ಆಫ್ ಮಾಡಿಟ್ಟಿದ್ದರಿಂದ ಕಂಪೈಲರ್ ತುಟಿಪಿಟಕ್ಕೆನ್ನಲಿಲ್ಲ. ಮಿತಿಯನ್ನು ಒಂದು ನಿಮಿಷಕ್ಕೆ ಇಳಿಸಿ, ಗಡಿಯಾರ ಹಿಡಿದು ಕುಳಿತು ಪರೀಕ್ಷಿಸಿದಾಗಲೇ ಮೋಟರ್ ನಿಲ್ಲದೇ ಇರುವುದು ಕಂಡದ್ದು.

ಇನ್ನು ಬೋರ್ಡಿಗೂ ಮೋಟರಿಗೂ ನಡುವಿನ ಮಾತು. ಅಂಗಡಿಯಲ್ಲಿ ಸಿಗುವ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತದೆ. ಅದನ್ನು ನಂಬಿ ಮೋಟರನ್ನು ನೇರ ಕೊಡಬಾರದು. ಹತ್ತುವ ಕ್ಷಣದಲ್ಲಿ ಮೋಟರ್ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆ ಕಿಡಿಗೆ ರಿಲೇಯ ಒಳಗಿನ ತುಟಿಗಳು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಪ್ರೋಗ್ರಾಮ್ ಎಷ್ಟೇ ನಿಲ್ಲು ಅಂದರೂ ಮೋಟರ್ ಓಡುತ್ತಲೇ ಇರುತ್ತದೆ. ರಿಲೇ ಒಂದು ಕಾಂಟ್ಯಾಕ್ಟರಿನ ಸುರುಳಿಯನ್ನು ಮಾತ್ರ ಎಳೆಯಲಿ, ಮೋಟರನ್ನು ಕಾಂಟ್ಯಾಕ್ಟರ್ ಹೊರಲಿ. 230 ವೋಲ್ಟಿನ ಆ ಭಾಗವನ್ನು ನಾನು ಮುಟ್ಟಲಿಲ್ಲ. ದೊಡ್ಡಪ್ಪನೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆತಂದು, ಅರ್ತಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಬ್ರೇಕರ್ ಹಾಕಿಸಿದ.

ಇದೇ ದಾರಿಯಲ್ಲಿ ಮುಂದಿನದೂ ಸಿಕ್ಕಿದೆ. ಬೇಸಿಗೆಯಲ್ಲಿ ಮಹಡಿ ಮೇಲೆ ಸಂಡಿಗೆ, ಮೆಣಸಿನಕಾಯಿ ಒಣಹಾಕಿ ಅವ್ವ ಕೆಳಗೆ ಬಂದಿರುತ್ತಾಳೆ. ಮೊದಲ ನಾಲ್ಕು ಹನಿ ಬಿದ್ದದ್ದು ಅಡುಗೆಮನೆಗೆ ಕೇಳಿಸುವುದಿಲ್ಲ. ಲೋಟದ ಎರಡು ಬೋಲ್ಟಿನ ಜಾಗದಲ್ಲಿ ಒತ್ತೊತ್ತಾಗಿ ಎಳೆದ ಎರಡು ತಂತಿಯ ಹಲಗೆ ಇಟ್ಟರೆ ಅದೇ ಪ್ರೋಗ್ರಾಮ್ ಮಳೆ ಬಂತು ಅನ್ನುತ್ತದೆ. ಹಲಗೆಯನ್ನು ಓರೆಯಾಗಿ ಇಡಬೇಕು, ಇಲ್ಲದಿದ್ದರೆ ಮಳೆ ನಿಂತ ಮೇಲೂ ನೀರು ನಿಂತಿರುತ್ತದೆ.

ಎಲ್ಲ ಕೂಡಿಸಿದ ದಿನ ದೊಡ್ಡಪ್ಪ ಬಸ್ಸು ಹತ್ತಿ ಬಾತಿಗೆ ಬಂದ. ಮೋಟರ್ ಓಡುತ್ತಿತ್ತು. ಸೀದಾ ಪೆಟ್ಟಿಗೆಯ ಹತ್ತಿರ ಹೋಗಿ ಟ್ಯಾಂಕಿನ ಮೇಲ್ತುದಿ ತಂತಿಯನ್ನು ಕಿತ್ತ. ಮೋಟರ್ ನಿಂತಿತು. ಅದನ್ನು ಸಿಕ್ಕಿಸಿ, ಮತ್ತೆ ಓಡಿಸಿ, ಸಂಪಿನ ತಂತಿ ಕಿತ್ತ. ನಿಂತಿತು. ಕೊನೆಗೆ ಬೋರ್ಡಿನ ಕರೆಂಟನ್ನೇ ತೆಗೆದ. ಕಾಂಟ್ಯಾಕ್ಟರ್ ಟಪ್ ಅಂತ ಬಿದ್ದು ಮೋಟರ್ ನಿಂತಿತು. “ಈಗ ಮಲಗಬಹುದು” ಅಂದ.

ಆ ವಾರದ ನೀರು ಬಂದದ್ದು ರಾತ್ರಿ ಮೂರರ ಹತ್ತಿರ. ಬಜರ್ ಕೂಗಿದಾಗ ಅವ್ವ ಮಲಗಿದ್ದಲ್ಲಿಂದಲೇ ಕೇಳಿದಳು, “ಗಾಳಿಯೇನೋ?” ಅಲ್ಲವ್ವ, ನೀರೇ ಅಂದೆ. ಅವಳು ಮಗ್ಗುಲು ಬದಲಿಸಿದಳು. ಟಾರ್ಚ್ ದಿಂಬಿನ ಪಕ್ಕದಲ್ಲೇ ಇತ್ತು.