ಅಡ್ಡ ಬರೆದದ್ದು, ಉದ್ದ ಓದಿದ್ದು

ಶನಿವಾರ ಬೆಳಿಗ್ಗೆ ಟ್ರೇನ್ ಇಳಿದು ಖೂಬಾ ಪ್ಲಾಟ್‌ನಲ್ಲಿರೋ ತಂಗಿಯ ಬಾಡಿಗೆ ಮನೆಗೆ ಹೋದರೆ, ಅವಳು ಚಹಾ ಸಹ ಕೇಳಲಿಲ್ಲ. ಮೇಜಿನ ಮೇಲೆ 41 ಪುಟದ ಒಂದು ಕಟ್ಟು ಬಿದ್ದಿತ್ತು. ಅವಳ ಥೀಸಿಸ್‌ನ ಎರಡನೇ ಅಧ್ಯಾಯ, ಲಿಟರೇಚರ್ ರಿವ್ಯೂ. ಮೊದಲ ಪುಟದ ಅಂಚಿನಲ್ಲಿ ಗೈಡ್ ಕೆಂಪು ಪೆನ್ನಿನಲ್ಲಿ ಬರೆದಿದ್ದರು: ಇದು ಪಟ್ಟಿ, ರಿವ್ಯೂ ಎಲ್ಲಿ? ವಾಪಸ್ ಕೊಡಲು ಒಂಬತ್ತು ದಿನ ಉಳಿದಿತ್ತು.

"ಅಣ್ಣಾ, 58 ಪೇಪರ್ ಓದೀನಿ. ಒಂದೂ ಬಿಟ್ಟಿಲ್ಲ. ಇನ್ನೇನ್ ಬೇಕಂತ ಇವ್ರಿಗಿ?"

ಅವಳ ವಿಷಯ ತೊಗರಿಯ ನೆಟೆ ರೋಗ. ನಮ್ಮ ಮನೆಯಲ್ಲಿ ಇದು ಬರೀ ವಿಷಯ ಅಲ್ಲ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆಯಿಂದ ಒಣಗಿದಾಗ ಕಮಲಾಪುರದ ಹತ್ತಿರ ಇರೋ ನಮ್ಮ ಹೊಲವೂ ಒಣಗಿತ್ತು. ಅವಳು ಈ ವಿಷಯ ಹಿಡಿದದ್ದೇ ಆ ವರ್ಷ. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಬಿ.ಇ., ಶಿಲೀಂಧ್ರದ ಬಗ್ಗೆ ನನಗೆ ಗೊತ್ತಿರೋದು ಅಷ್ಟಕ್ಕಷ್ಟೆ. ಆದರೂ ಕೂತು ಓದಿದೆ.

ಹತ್ತನೇ ಪುಟಕ್ಕೆ ಬರೋ ಹೊತ್ತಿಗೆ ಇದನ್ನ ಎಲ್ಲೋ ನೋಡಿದ್ದೀನಿ ಅನಿಸ್ತು. ಪ್ರತಿ ಪ್ಯಾರಾ ಒಂದು ಅಡ್ಡಹೆಸರಿನಿಂದ ಶುರು, ಒಂದು ಶೇಕಡಾದಿಂದ ಮುಗಿತಾಯ. 1906ರ ಬಟ್ಲರ್‌ನಿಂದ ಹಿಡಿದು ಮೊನ್ನೆಯವರೆಗೆ, ಇಸವಿ ಪ್ರಕಾರ. ನಮ್ಮ ಟೀಮಿನ ಗಿಟ್ ಲಾಗ್ ಹೀಗೇ ಇರುತ್ತೆ. ಯಾರು, ಯಾವತ್ತು, ಏನು ಮಾಡಿದರು ಅನ್ನೋದೆಲ್ಲ ಅದರಲ್ಲಿದೆ. ಆದರೆ ಸಾಫ್ಟ್‌ವೇರ್ ಈಗ ಏನು ಮಾಡುತ್ತೆ ಅಂತ ಕೇಳಿದರೆ ಲಾಗ್ ಓದಿ ಯಾರೂ ಹೇಳಲಾರರು. ಪರೀಕ್ಷೆಗೆ ಅಂತ ಎರಡು ಪ್ಯಾರಾ ಅದಲು ಬದಲು ಮಾಡಿ ಅವಳಿಗೆ ತೋರಿಸಿದೆ. ಅಧ್ಯಾಯಕ್ಕೆ ಏನೂ ಆಗಲಿಲ್ಲ. ಅವಳು ಸುಮ್ಮನಾದಳು.

ನಮ್ಮ ಭಾಷೆಯಲ್ಲಿ ಹೇಳೋದಾದರೆ ಅವಳು `ORDER BY year` ಮಾಡಿದ್ದಳು, ಬೇಕಾಗಿದ್ದು `GROUP BY`. ಇದು ನನ್ನ ಬುದ್ಧಿವಂತಿಕೆ ಏನಲ್ಲ. 2002ರಲ್ಲಿ ಜೇನ್ ವೆಬ್‌ಸ್ಟರ್ ಮತ್ತು ರಿಚರ್ಡ್ ವಾಟ್ಸನ್ ಲಿಟರೇಚರ್ ರಿವ್ಯೂ ಬರೆಯೋದು ಹೇಗೆ ಅಂತಲೇ ಒಂದು ಲೇಖನ ಬರೆದಿದ್ದಾರೆ. ಲೇಖಕರ ಸುತ್ತ ಬರೀಬೇಡಿ, ಪರಿಕಲ್ಪನೆಗಳ ಸುತ್ತ ಬರೀರಿ, ಅದಕ್ಕೆ ಮೊದಲು ಒಂದು ಕೋಷ್ಟಕ ಮಾಡಿಕೊಳ್ಳಿ ಅನ್ನೋದು ಅದರ ತಿರುಳು.

ನಾವೂ ಮಾಡಿದೆವು. ಒಂದು ಸ್ಪ್ರೆಡ್‌ಶೀಟ್, ಸಾಲಿಗೊಂದು ಪೇಪರ್. ಕಾಲಂ ಹೆಸರಿಡುವಾಗಲೇ ಮೊದಲ ಎಡವಟ್ಟಾಯಿತು. ಅವಳು "ರೋಗ ನಿರ್ವಹಣೆ" ಅಂತ ಬರೆದಳು, 58ರಲ್ಲಿ 40 ಪೇಪರ್ ಅದರಲ್ಲೇ ಹೋಗಿ ಬಿದ್ದವು. ಎಲ್ಲವೂ ಹಿಡಿಸೋ ಕಾಲಂ ಅಂದರೆ ಗೋಣಿಚೀಲ. ಹಾಗಾಗಿ ಹೆಸರಿನ ಬದಲು ಪ್ರಶ್ನೆ ಇಟ್ಟೆವು. ಏನನ್ನು ಅಳೆದರು? ಎಲ್ಲಿ ಅಳೆದರು: ಕುಂಡದಲ್ಲೋ, ಬೇಕಂತಲೇ ರೋಗದ ಮಣ್ಣು ಮಾಡಿಟ್ಟ ಪ್ರಯೋಗದ ತಾಕಿನಲ್ಲೋ, ರೈತರ ಹೊಲದಲ್ಲೋ? ಗಿಡ ಯಾವ ಹಂತದಲ್ಲಿತ್ತು? ಯಾವ ತಳಿ? ಜೊತೆಗೆ ಬೇರೆ ಬೆಳೆ ಇತ್ತಾ? ತುಂಬೋಕೆ ಒಂದೂವರೆ ದಿನ ಹಿಡಿಯಿತು, ಯಾಕಂದ್ರೆ ತಾನು ಬರೆದ ಸಾರಾಂಶದಲ್ಲಿ ಈ ಉತ್ತರಗಳೇ ಇಲ್ಲದೆ ಅವಳು ಮೂಲ ಪೇಪರ್‌ಗಳನ್ನು ಮತ್ತೆ ತೆಗೆಯಬೇಕಾಯಿತು.

ಆಮೇಲೆ ಅಡ್ಡ ಓದೋದು ಬಿಟ್ಟು ಒಂದೇ ಕಾಲಂ ಮೇಲಿನಿಂದ ಕೆಳಗೆ ಓದಿದೆವು. "ಏನನ್ನು ಅಳೆದರು" ಕಾಲಂನಲ್ಲೇ ಗುಟ್ಟು ಬಯಲಾಯಿತು. ಅವಳ ಅಧ್ಯಾಯದಲ್ಲಿ ಶೇಕಡಾಗಳೆಲ್ಲ ಒಂದೇ ಥರ ಕೂತಿದ್ದವು. ಆದರೆ ಕೆಲವರು ಎಣಿಸಿದ್ದು ನೂರಕ್ಕೆ ಎಷ್ಟು ಗಿಡ ಒಣಗಿದವು ಅಂತ, ಕೆಲವರು ಲೆಕ್ಕ ಹಾಕಿದ್ದು ಇಳುವರಿ ಎಷ್ಟು ಹೋಯಿತು ಅಂತ. ಇವೆರಡೂ ಒಂದಲ್ಲ. ಇವೆರಡನ್ನೂ ಜೋಡಿಸೋ ಪೇಪರ್ ಅವಳ ಪಟ್ಟಿಯಲ್ಲೇ ಇತ್ತು, 19ನೇ ಪುಟದಲ್ಲಿ, ಎರಡು ಸಾಲಿನಲ್ಲಿ ಮುಗಿದಿತ್ತು. ಕಣ್ಣೈಯನ್ ಮತ್ತು ನೇನೆ, 1981. ಕಾಯಿ ಕಟ್ಟೋ ಮೊದಲೇ ಗಿಡ ಒಣಗಿದರೆ ನಷ್ಟ ಶೇ. 100ರ ಹತ್ತಿರ, ಕಾಯಿ ಬಲಿಯುವಾಗ ಶೇ. 67, ಕೊಯ್ಲಿಗೆ ಮುಂಚೆ ಶೇ. 30.

ಅಂದರೆ ನೂರರಲ್ಲಿ 40 ಗಿಡಕ್ಕೆ ನೆಟೆ ಬಂತು ಅಂದುಕೊಳ್ಳಿ. ಎಳೆಯದರಲ್ಲೇ ಬಂದರೆ ಹೆಚ್ಚೂಕಡಿಮೆ 40 ಭಾಗ ಇಳುವರಿ ಹೋಯಿತು. ಕೊಯ್ಲಿನ ಹೊತ್ತಿಗೆ ಬಂದರೆ 12 ಭಾಗ ಮಾತ್ರ. ಹೊಲ ನೋಡೋಕೆ ಎರಡೂ ಒಂದೇ. ಅವಳ ಅಧ್ಯಾಯದಲ್ಲಿ ಜಗಳ ಆಡ್ತಿದ್ದ ಎಷ್ಟೋ ಅಂಕಿಗಳು ನಿಜಕ್ಕೂ ಜಗಳ ಆಡ್ತಿರಲಿಲ್ಲ. ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡ್ತಿದ್ದವು.

ಮೊದಲು ಏಳು ಪ್ಯಾರಾ ಇದ್ದ ಜಾಗದಲ್ಲಿ ಅವಳು ಒಂದು ಬರೆದಳು. ಮೊದಲ ವಾಕ್ಯದ ಭಾವಾರ್ಥ ಹೀಗೆ: ನೆಟೆಯ ನಷ್ಟದ ಅಂದಾಜುಗಳು ಇಷ್ಟೊಂದು ಬೇರೆ ಇರಲು ಒಂದು ದೊಡ್ಡ ಕಾರಣ, ರೋಗ ಬಂದ ಹಂತವನ್ನು ಎಲ್ಲರೂ ದಾಖಲಿಸಿಲ್ಲ. ಹೆಸರುಗಳೆಲ್ಲ ವಾಕ್ಯದ ಕೊನೆಗೆ, ಆವರಣದೊಳಗೆ ಹೋದವು. ಹಂತ ದಾಖಲಿಸಿದವರು ಒಂದು ಕಡೆ, ಬರೀ ಒಣಗಿದ ಗಿಡ ಎಣಿಸಿದವರು ಇನ್ನೊಂದು ಕಡೆ.

"ಮತ್ತ ಉಳಿದವ್ರು ಬೇಜಾರ್ ಮಾಡ್ಕೊಳಾಂಗಿಲ್ಲೇನು?" ಅಂದಳು. ಐದು ಜನರನ್ನು ಒಂದೇ ಆವರಣಕ್ಕೆ ತುರುಕೋದು ಅವಳಿಗೆ ಅವಮರ್ಯಾದೆ ಅನಿಸಿತ್ತು. ಆ ಅಳುಕು ಪೂರ್ತಿ ತಪ್ಪೂ ಅಲ್ಲ. ಗುಂಪು ಮಾಡೋ ಭರದಲ್ಲಿ ಕುಂಡದ ಫಲಿತಾಂಶವನ್ನೂ ಹೊಲದ ಫಲಿತಾಂಶವನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದರೆ ಅದು ಪಟ್ಟಿಗಿಂತ ಕೆಟ್ಟದ್ದು, ಯಾಕಂದ್ರೆ ಪಟ್ಟಿ ಸುಳ್ಳಂತೂ ಹೇಳಲ್ಲ. ಹಾಗಾಗಿ ಪ್ರತಿ ಆವರಣಕ್ಕೂ "ಎಲ್ಲಿ ಅಳೆದರು" ಕಾಲಂ ನೋಡಿಕೊಂಡೇ ಸಹಿ ಹಾಕಿದೆವು. ಬಟ್ಲರ್ ಕಥೆಯನ್ನು ಮಾತ್ರ ಮುಟ್ಟಲಿಲ್ಲ. ರೋಗಾಣು ಯಾವುದು ಅಂತ ಗೊತ್ತಾದ ಇತಿಹಾಸಕ್ಕೆ ಇಸವಿಯ ಕ್ರಮವೇ ಸರಿ.

ಭಾನುವಾರ ಮಧ್ಯಾಹ್ನ ಊರಿಗೆ ಹೋದೆವು. ಕಮಲಾಪುರ ಅಂದರೆ ಹೊರಗಿನವರಿಗೆ ಕೆಂಪು ಬಾಳೆ, ನಮ್ಮ ಮನೆಯ ಖರ್ಚು ನಡೆಯೋದು ತೊಗರಿಯಿಂದ. ಅವ್ವ ರೊಟ್ಟಿ ಬಡೀತಿದ್ದಳು. ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ಒಂದೊಂದೇ ಕಾಲಂ ಓದಿ ಹೇಳಿದೆವು. ಜೊತೆ ಬೆಳೆಯ ಕಾಲಂಗೆ ಬಂದಾಗ, ಜೋಳದ ಜೊತೆ ಬಿತ್ತಿದರೆ ನೆಟೆ ಕಡಿಮೆ ಅಂತ ಪಟಂಚೇರುವಿನ ಇಕ್ರಿಸ್ಯಾಟ್‌ನವರು 1980ರ ದಶಕದಲ್ಲೇ ತೋರಿಸಿದ್ದಾರೆ ಅಂದಳು ತಂಗಿ. ಅಪ್ಪ ನಕ್ಕ.

"ಅದು ನಮ್ಮ ಮುತ್ಯಾನೂ ಹೇಳ್ತಿದ್ದ. ನೀ ಮಾರುತಿ ತಳಿದು ಏನ್ ಬರದೀ, ಅದು ಹೇಳು."

ಮಾರುತಿ, ಅಂದರೆ ಐಸಿಪಿ 8863, ನೆಟೆ ತಡೆಯೋ ತಳಿ ಅಂತ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಅವಳು ತಳಿ ಕಾಲಂ ಓದಿದಳು: ನಿರೋಧಕ, ನಿರೋಧಕ, ನಿರೋಧಕ.

"ನೆಟೆ ಬರಲಿಲ್ಲ ಖರೇ. ಗೊಡ್ಡು ಬಂತಲ್ಲ?"

ಗೊಡ್ಡು ರೋಗ ಅಂದರೆ ನುಸಿಯಿಂದ ಹರಡೋ ವೈರಸ್ ರೋಗ. ಗಿಡ ಹಸಿರಾಗೇ ಇರುತ್ತೆ, ಹೂವಿಲ್ಲ, ಕಾಯಿಲ್ಲ. ಮಾರುತಿ ಅದಕ್ಕೆ ಬಲಿಯಾಗುತ್ತೆ ಅನ್ನೋದು ಅವಳಿಗೆ ಗೊತ್ತೇ ಇತ್ತು, ಅಧ್ಯಾಯದಲ್ಲೂ ಇತ್ತು, ಆದರೆ 33ನೇ ಪುಟದಲ್ಲಿ, ಬೇರೊಬ್ಬರ ಹೆಸರಿನ ಕೆಳಗೆ. ಮಾರುತಿಯ ಹೊಗಳಿಕೆ 14ನೇ ಪುಟದಲ್ಲಿತ್ತು. ಎರಡರ ನಡುವೆ 19 ಪುಟ. ಓದೋರು ಯಾರೂ ಅವನ್ನ ಜೋಡಿಸಿರಲಿಕ್ಕಿಲ್ಲ. ಬರೆದವಳೇ ಜೋಡಿಸಿರಲಿಲ್ಲ.

ಅಲ್ಲೇ ಕಟ್ಟೆ ಮೇಲೆ ಕೂತು ಹೊಸ ಕಾಲಂ ಸೇರಿಸಿದಳು: ಗೊಡ್ಡು ರೋಗವನ್ನೂ ನೋಡಿದರಾ? ಕೆಳಗಿನವರೆಗೆ ತುಂಬುತ್ತಾ ಹೋದರೆ ಬಹಳಷ್ಟು ಮನೆ ಖಾಲಿ. ನೆಟೆ ನಿರೋಧಕ ತಳಿ, ಜೋಳದ ಜೊತೆ, ರೈತರ ಹೊಲದಲ್ಲಿ, ಎರಡೂ ರೋಗ ಒಟ್ಟಿಗೆ ನೋಡಿದ್ದು ಅಂತ ಸೋಸಿದಾಗ ಅವಳ 58ರಲ್ಲಿ ಒಂದೂ ಉಳಿಯಲಿಲ್ಲ. ಅವಳ ಪ್ರಯೋಗಕ್ಕೆ ಕಾರಣ ಅಲ್ಲಿತ್ತು. ಮೊದಲಿನ ಅಧ್ಯಾಯದಲ್ಲಿ ಅದು "ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ" ಅಂತ ಒಂದು ಸವಕಲು ಸಾಲಾಗಿತ್ತು.

41 ಪುಟ 17ಕ್ಕೆ ಇಳಿಯಿತು. ಒಂಬತ್ತು ಪೇಪರ್ ಪೂರ್ತಿ ಬಿಟ್ಟುಹೋದವು. ಅವು ಯಾವ ಪ್ರಶ್ನೆಗೂ ಉತ್ತರ ಕೊಡ್ತಿರಲಿಲ್ಲ, ಓದಿದ್ದೀನಿ ಅಂತ ತೋರಿಸೋಕೆ ಇದ್ದವು. ಅವನ್ನ ಅಳಿಸುವಾಗ ಅವಳಿಗೆ ನಿಜಕ್ಕೂ ಹೊಟ್ಟೆ ಉರೀತು.

ಹದಿನೈದು ದಿನ ಬಿಟ್ಟು ಬೆಂಗಳೂರಿಗೆ ಫೋನ್ ಬಂತು. ಗೈಡ್ ಈ ಸಲ ಅಂಚಿನಲ್ಲಿ ಒಂದೇ ಕಡೆ ಗೆರೆ ಎಳೆದಿದ್ದರಂತೆ, ಮಾರುತಿಯ ಪ್ಯಾರಾದ ಪಕ್ಕ: ರೈತರ ಅನುಭವ ಅಂತ ಬರೆದಿದ್ದೀರಿ, ಯಾವ ರೈತರು, ಎಷ್ಟು ಜನ?

"ಏನ್ ಹೇಳ್ದಿ?"

"ಒಬ್ಬಾಂವ ಅಂದೆ. ಅದು ತೆಗಿ ಅಂದ್ರು. ತೆಗದೀನಿ."